ಬೆಳೆ ಕೈಕೊಟ್ಟಾಗಿನ ಮಾತು

ಮಾಗಡಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರ ಬೆಳೆ ಮಳೆಗಾಲದಲ್ಲಿ ಸುಣ್ಣಕಟ್ಟು ರೋಗಕ್ಕೆ ಹೋಯಿತು. ಆಮೇಲೆ ಅವರು ಜೊತೆ ಬೆಳೆಗಾರರನ್ನು ಕೂರಿಸಿಕೊಂಡು ಆಡಿದ ಮಾತು ನನಗೆ ತುಂಬಾ ಮೆಚ್ಚುಗೆಯಾಯಿತು.

ಯಾರೋ ಚಾಕಿ ಹುಳುವೇ ಸರಿಯಿರಲಿಲ್ಲ ಎಂದರು. "ಅದೇ ಚಾಕಿ ನಿಮ್ಮ ಮನೇಲಿ ಚೆನ್ನಾಗಿ ಬಂತಲ್ಲಣ್ಣ" ಎಂದು ಅವರು ಅಲ್ಲಿಗೇ ಆ ದಾರಿ ಮುಚ್ಚಿದರು. ಆಮೇಲೆ ದೂರನ್ನು ಬಿಟ್ಟು ದಿನಗಳನ್ನು ಹಿಡಿದರು. ನಾಲ್ಕನೇ ಜ್ವರ ಎದ್ದ ಮೇಲೆ ಜಡಿಮಳೆ. ಶೀತಗಾಳಿ ಬೇಡವೆಂದು ಕಿಟಕಿ ಮುಚ್ಚಿದರು, ಒದ್ದೆ ಸೊಪ್ಪನ್ನು ಆರಿಸದೆ ಹಾಕಿದರು, ಹಾಸಿಗೆ ತೇವವಾಯಿತು.

"ಸತ್ತ ಹುಳ ಬಿಳಿಯಾದ ಮೇಲೆ ಆರಿಸಿದೆ. ಅಷ್ಟರಲ್ಲಿ ತಡವಾಗಿತ್ತು, ನನ್ನದೇ ತಪ್ಪು" ಎಂದರು. ಇದೇ ಆ ಮಾತಿನ ಜೀವ. ಆ ಬಿಳಿ ಪುಡಿಯೇ ಬೂಷ್ಟಿನ ಬೀಜಕಣ. ಕೈ ತಾಕಿದರೆ ಮನೆಯೆಲ್ಲ ಹರಡುತ್ತದೆ. ಸತ್ತ ಹುಳು ಬಿಳಿಯಾಗುವ ಮೊದಲೇ ತೆಗೆದು ಸುಡಬೇಕು.

ಮುಂದಿನ ಬೆಳೆಗೆ ಮನೆ, ತಟ್ಟೆ, ಚಂದ್ರಿಕೆ ಎಲ್ಲದರ ಸೋಂಕು ನಿವಾರಿಸುವುದು, ತೇವ ಹೆಚ್ಚಾದಾಗ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುವುದು, ಸೊಪ್ಪು ಹರಡಲು ಪಡಸಾಲೆ ಖಾಲಿ ಇಡುವುದು ಎಂದು ತೀರ್ಮಾನವಾಯಿತು. ಚಾಕಿಯನ್ನು ದೂರಿದವರೇ ಬೆಳಗಿನ ಹೊತ್ತು ಸತ್ತ ಹುಳು ಆರಿಸಲು ಬರುವುದಾಗಿ ಒಪ್ಪಿಕೊಂಡರು.