ಚಂದ್ರಹಾರದ ಹೆಸರು, ರವೆ ಇಡ್ಲಿಯ ಹೆಸರು

ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನ ತಿಂಡಿಪಟ್ಟಿಯಲ್ಲಿರುವ ಎರಡು ಹೆಸರುಗಳನ್ನು ಹೋಟೆಲು ತೆರೆಯಹೊರಟವರೆಲ್ಲ ಗಮನಿಸಬೇಕು. ಒಂದು ರವೆ ಇಡ್ಲಿ, ಇನ್ನೊಂದು ಚಂದ್ರಹಾರ. ಎರಡೂ ತಮ್ಮ ಅಡುಗೆಮನೆಯಲ್ಲೇ ಹುಟ್ಟಿದವು ಎಂದು ಆ ಹೋಟೆಲು ಹೇಳಿಕೊಂಡು ಬಂದಿದೆ. ಆದರೆ ಈ ಎರಡು ಹೆಸರುಗಳ ಪಾಡು ಬೇರೆ ಬೇರೆಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದರು. ಹೆಸರು ಇದ್ದುದನ್ನು ಇದ್ದಂತೆ ಹೇಳಿತು. ಯಾರಿಗೂ ವಿವರಿಸಬೇಕಾಗಲಿಲ್ಲ, ಹಾಗಾಗಿಯೇ ಊರಿನ ಹೋಟೆಲುಗಳೆಲ್ಲ ಅದನ್ನು ತಮ್ಮ ಬೋರ್ಡಿಗೂ ಬರೆದುಕೊಂಡವು. ಇಂದು ರವೆ ಇಡ್ಲಿ ಎಲ್ಲರದು. ಚಂದ್ರಹಾರದ ಕಥೆ ಇದಕ್ಕೆ ತಿರುಗುಮುರುಗು. ಹೋಟೆಲಿನ ಮಾಲೀಕ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದ ಮೇಲೆ ಅಲ್ಲಿಯ ಪ್ರೇರಣೆಯಿಂದ ಒಂದು ಸಿಹಿ ಮಾಡಿಸಿದರು: ಮಡಿಕೆ ಹಾಕಿ ಕರಿದ ಗರಿಗರಿ ಹಿಟ್ಟು, ಮೇಲೆ ಖೋವಾದ ಸಿಹಿ ರಸ. ಮೊದಲು ಅದನ್ನು ಫ್ರೆಂಚ್ ಸ್ವೀಟ್ ಎಂದು ಕರೆದರಂತೆ. ಅಷ್ಟಾಗಿ ಯಾರೂ ಕೇಳಲಿಲ್ಲ. ಆಗ ಊರಲ್ಲಿ ಓಡುತ್ತಿದ್ದ ಸಿನಿಮಾವೊಂದರ ಹೆಸರನ್ನು ಇಟ್ಟರು, ಚಂದ್ರಹಾರ ನಿಂತುಬಿಟ್ಟಿತು. ಆ ಹೆಸರು ಕೇಳಿದರೆ ಇಂದಿಗೂ ಎಂ.ಟಿ.ಆರ್. ನೆನಪಾಗುತ್ತದೆ.

ತಿಂಡಿಯ ಹೆಸರಿನಲ್ಲಿ ಹೋಟೆಲಿನ ಗುರುತು ಕಾಣಬೇಕು ಎನ್ನುವವರು ಇಲ್ಲಿಂದ ಆರಂಭಿಸಬೇಕು. ಏನೆಂದು ಹೇಳುವ ಹೆಸರು ಗಿರಾಕಿಗೆ ಸಲೀಸು, ಆದರೆ ಅದು ಮನೆಯಲ್ಲಿ ಉಳಿಯುವುದಿಲ್ಲ. ಏನೆಂದು ಹೇಳದ ಹೆಸರು ಮನೆಯದಾಗಿಯೇ ಉಳಿಯುತ್ತದೆ, ಆದರೆ ಪಕ್ಕದಲ್ಲಿ ನಿಂತು ಯಾರಾದರೂ ವಿವರಿಸಬೇಕು. ಪಟ್ಟಿಯಲ್ಲಿ ಒಂದೋ ಎರಡೋ ಚಂದ್ರಹಾರ ಇದ್ದರೆ ಗಿರಾಕಿ ಕುತೂಹಲದಿಂದ ಕೇಳುತ್ತಾನೆ. ಮೂವತ್ತು ಹೆಸರೂ ಹಾಗೇ ಇದ್ದರೆ ಹಸಿದವನು ಬೇಸತ್ತು, ಗೊತ್ತಿರುವ ಮಸಾಲೆ ದೋಸೆಯನ್ನೇ ಹೇಳುತ್ತಾನೆ.

ಈಚಿನ ತಿಂಡಿಪಟ್ಟಿಗಳು ಇವೆರಡೂ ಅಲ್ಲದ ಮೂರನೆಯ ದಾರಿ ಹಿಡಿದಿವೆ. ನನ್ನ ತಕರಾರು ಅದರ ಮೇಲೆ. ‘ಅಜ್ಜಿಯ ಕೈರುಚಿಯ ಸ್ವಾದಿಷ್ಟ ಗರಿಗರಿ ದಾವಣಗೆರೆ ಬೆಣ್ಣೆ ದೋಸೆ’ ಎಂಬಂಥ ಸಾಲು ಈಗ ಎಲ್ಲೆಲ್ಲೂ ಕಾಣುತ್ತದೆ. ಹೋಟೆಲಿನ ಹೆಸರನ್ನು ಕೈಯಿಂದ ಮುಚ್ಚಿ ಇದನ್ನು ಓದಿ ನೋಡಿ. ಸ್ವಾದಿಷ್ಟ ಎಂದು ಯಾರು ಬೇಕಾದರೂ ಬರೆಯಬಹುದು. ದೋಸೆ ಗರಿಗರಿ ಇರದಿದ್ದರೆ ಮಾರುವುದೇ ತಪ್ಪು, ಅದನ್ನು ಹೇಳಿಕೊಳ್ಳುವುದೇಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಅಮೆರಿಕದ ಸುಮಾರು 6,500 ಮೆನುಗಳನ್ನು ಪರಿಶೀಲಿಸಿ 2014ರ ತಮ್ಮ ಪುಸ್ತಕದಲ್ಲಿ ಇದನ್ನೇ ತೋರಿಸಿದ್ದಾರೆ. ರುಚಿಕರ ಎಂಬಂಥ ಹುರುಳಿಲ್ಲದ ಹೊಗಳಿಕೆ ಅಗ್ಗದ ಜಾಗಗಳಲ್ಲೇ ಹೆಚ್ಚು, ತಾಜಾ, ಗರಿಗರಿ ಎನ್ನುವ ವಿಶೇಷಣಗಳು ಮಧ್ಯಮ ದರ್ಜೆಯಲ್ಲಿ ಹೆಚ್ಚು. ತಾಜಾ ಎಂದು ಒತ್ತಿ ಹೇಳಿದಷ್ಟೂ ಓದುವವನಿಗೆ ಅನುಮಾನ ಹುಟ್ಟುತ್ತದೆ. ಇನ್ನು ಅಜ್ಜಿ. ಒಲೆಯ ಮುಂದೆ ಅಜ್ಜಿ ಇಲ್ಲ ಎಂಬುದು ತಿನ್ನುವವರಿಗೂ ಗೊತ್ತು.

ಆ ಸಾಲಿನಲ್ಲಿ ಕೊನೆಗೆ ಉಳಿಯುವುದು ದಾವಣಗೆರೆ ಬೆಣ್ಣೆ ದೋಸೆ. ಊರಿನ ಹೆಸರು ಹಾಕಿದ ಮೇಲೆ ಅದು ಮಾತು ಕೊಟ್ಟಂತೆ. ದಾವಣಗೆರೆಯವರು ಹಿಟ್ಟಿಗೆ ಮಂಡಕ್ಕಿ ಸೇರಿಸುತ್ತಾರೆ, ಬೆಣ್ಣೆ ಧಾರಾಳವಾಗಿ ಹಾಕುತ್ತಾರೆ, ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಕೊಡುತ್ತಾರೆ. ಸಾಂಬಾರಿನ ಬಟ್ಟಲು ಪಕ್ಕದಲ್ಲಿ ಬಂದರೆ ಅಲ್ಲಿಂದ ಬಂದ ಗಿರಾಕಿಗೆ ಮೊದಲ ತುತ್ತಿಗೂ ಮುಂಚೆಯೇ ವಿಷಯ ತಿಳಿದುಹೋಗುತ್ತದೆ. ಆದ್ದರಿಂದ ವಿಶೇಷಣಗಳನ್ನು ತೆಗೆದು ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟು, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ’ ಎಂದು ಬರೆಯಲಿ. ಹಾಗೆ ಬರೆಯುವ ಧೈರ್ಯ ಹಾಗೆ ಮಾಡುವ ಹೋಟೆಲಿಗೆ ಮಾತ್ರ ಇರುತ್ತದೆ. ಹೋಟೆಲಿನ ಗುರುತು ಅಂದರೆ ಅದೇ.

ಪದ ಕಡಿಮೆ ಇದ್ದರೆ ಗುರುತು ಮಂಕಾಗುತ್ತದೆ ಎನ್ನುವವರು ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ: ಹೆಚ್ಚುಕಡಿಮೆ ಇಷ್ಟೇ. ಒಂದು ವಿಶೇಷಣವೂ ಬೇಕಾಗಿಲ್ಲ. ಏನು ಮಾಡುವುದಿಲ್ಲ ಎಂಬುದನ್ನೂ ಆ ಗಿಡ್ಡ ಪಟ್ಟಿಯೇ ಹೇಳಿಬಿಡುತ್ತದೆ.

ನಮ್ಮ ಹೋಟೆಲುಗಳಲ್ಲಿ ಹೆಸರು ಕಾಗದದ ಮೇಲಷ್ಟೇ ಇರುವುದಿಲ್ಲ. ಗಿರಾಕಿ ಹೇಳಬೇಕು, ಸಪ್ಲೈಯರ್ ಒಳಗೆ ಕೂಗಬೇಕು, ಭಟ್ಟರಿಗೆ ಕೇಳಿಸಬೇಕು. ಖಾಲಿ, ಸೆಟ್, ಚೌಚೌ ಬಾತ್ ಎಂಬ ಹೆಸರುಗಳು ಈ ಗದ್ದಲದಲ್ಲೇ ಉರುಟಾಗಿ ನಿಂತವು. ಹೊಸದಾಗಿ ಹೋಟೆಲು ತೆರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಪಟ್ಟಿಯನ್ನು ಪ್ರೆಸ್ಸಿಗೆ ಕಳಿಸುವ ಮೊದಲು ನಿಮ್ಮ ಸಪ್ಲೈಯರ್ ಕೈಗೆ ಕೊಡಿ, ಒಳಗೆ ಕೂಗುವಾಗ ಅವರು ಬಿಟ್ಟುಬಿಡುವ ಪದಗಳನ್ನು ನೀವೂ ಹೊಡೆದುಹಾಕಿ.