ಹಬ್ಬ ಒಂದು, ಲೆಕ್ಕ ವರ್ಷದ್ದು

ಬೆಳಗಾವಿಯ ಶಹಾಪುರದ ಖಡೇಬಜಾರಿನ ಸೀರೆ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ದೀಪಾವಳಿಯೇ ಸುಗ್ಗಿ. ಜಾಹೀರಾತಿಗೆ ತಿಂಗಳಿಗೆ ಸರಾಸರಿ 30 ಸಾವಿರ, ವರ್ಷಕ್ಕೆ 3.6 ಲಕ್ಷ ರೂಪಾಯಿ ಇದೆ. ಅಷ್ಟನ್ನೂ ಹಬ್ಬದ ತಿಂಗಳಿಗೇ ಸುರಿಯುವ ಆಸೆ ಸಹಜ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜಾಗ ಹೋಗುವುದು ಹರಾಜಿನಲ್ಲಿ. ಹಬ್ಬದ ವಾರ ಎಲ್ಲರೂ ಕೂಗಲು ಇಳಿದಾಗ ರೇಟು ಏರುತ್ತದೆ. ಅಂಗಡಿಯ ಹೆಸರೇ ಕೇಳದವರ ಮುಂದೆ ‘ಇವತ್ತೇ ಬನ್ನಿ’ ಎನ್ನಲು ಅದು ತೀರಾ ದುಬಾರಿ ಸಮಯ.

ಬ್ರಿಟನ್ನಿನ ಲೆಸ್ ಬಿನೆ ಮತ್ತು ಪೀಟರ್ ಫೀಲ್ಡ್ 2013ರಲ್ಲಿ ಮುಂದಿಟ್ಟ ಸೂತ್ರ ಪ್ರಸಿದ್ಧ: ಹೆಸರು ಬೆಳೆಸಲು ಸುಮಾರು 60 ಪಾಲು, ಮಾರಾಟಕ್ಕೆ 40. ಇದನ್ನು ಪ್ರತಿ ತಿಂಗಳಿಗೂ ಹಚ್ಚಿದರೆ ಕೆಟ್ಟಿತು. ಅದು ಒಟ್ಟು ಖರ್ಚಿನ ಲೆಕ್ಕ. ನಮ್ಮ ಅಂಗಡಿಗೆ ಹೀಗೆ ಹಂಚಬಹುದು. ಸಪ್ಪೆ ಇರುವ ಎಂಟು ತಿಂಗಳು 15 ಸಾವಿರದಂತೆ, ಅದರಲ್ಲಿ 12 ಸಾವಿರ ಹೆಸರಿಗೆ. ಹಬ್ಬಕ್ಕೆ ಮುಂಚಿನ ಎರಡು ತಿಂಗಳು 60 ಸಾವಿರದಂತೆ, ಅದರಲ್ಲಿ 45 ಸಾವಿರ ಹೆಸರಿಗೆ. ಹಬ್ಬದ ತಿಂಗಳು ಒಂದು ಲಕ್ಷ. ಆಗ 80 ಸಾವಿರ ಮಾರಾಟಕ್ಕೆ. ಹಬ್ಬ ಕಳೆದ ತಿಂಗಳ 20 ಸಾವಿರ ಅರ್ಧರ್ಧ. ಕೂಡಿಸಿ ನೋಡಿ: ಹೆಸರಿಗೆ 2.16 ಲಕ್ಷ, ಸರಿಯಾಗಿ 60 ಪಾಲು.

ಮುಂಚಿನ ಖರ್ಚು ಗಾಳಿಗೆ ಹೋಗುವುದಿಲ್ಲ. ಮಗ್ಗದ ಮೇಲೆ ಸೆರಗು ಮೂಡುವ ವಿಡಿಯೊವನ್ನು ಅರ್ಧದಷ್ಟಾದರೂ ನೋಡಿದವರ ಗುಂಪನ್ನು ಮೆಟಾ 365 ದಿನದವರೆಗೆ ಇಟ್ಟುಕೊಳ್ಳಲು ಬಿಡುತ್ತದೆ. ಹಬ್ಬದ ತಿಂಗಳ ಮಾರಾಟದ ಜಾಹೀರಾತು ಮೊದಲು ಇವರಿಗೇ ಹೋಗಬೇಕು.

ಹಬ್ಬದ ತಿಂಗಳು ಯಾವುದೆಂದು ಪಂಚಾಂಗ ನೋಡಿ ನಿರ್ಧರಿಸಿ. 2025ರಲ್ಲಿ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ ಬಂತು. ಅಧಿಕ ಜ್ಯೇಷ್ಠ ಬಂದಿರುವ 2026ರಲ್ಲಿ ಅದು ನವೆಂಬರ್ 10ಕ್ಕೆ. ಅಕ್ಟೋಬರನ್ನು ಅಕ್ಟೋಬರಿಗೆ ಹೋಲಿಸಿದರೆ ಜಾಹೀರಾತು ಸೋತಂತೆ ಕಾಣುತ್ತದೆ. ಹಬ್ಬಕ್ಕೆ ಎಷ್ಟು ವಾರ ಮುಂಚೆ ಎಂಬುದನ್ನು ಹಿಡಿದು ಹೋಲಿಸಬೇಕು.

ಇನ್ನೊಂದು ಮೋಸವಿದೆ. ಹಬ್ಬದಲ್ಲಿ ಹೇಗೂ ಬರುತ್ತಿದ್ದ ಗಿರಾಕಿಯನ್ನೂ ಮಾರಾಟದ ಜಾಹೀರಾತು ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಪರೀಕ್ಷಿಸಲು ಪ್ರತಿ ಬಿಲ್ಲಿನ ಮೇಲೆ ಪಿನ್‌ಕೋಡ್ ಬರೆಸಿ. ಹಬ್ಬಕ್ಕೆ ಮುಂಚಿನ ಎರಡು ವಾರ ಖಾನಾಪುರಕ್ಕೆ ಮಾರಾಟದ ಜಾಹೀರಾತು ನಿಲ್ಲಿಸಿ, ಬೆಳಗಾವಿ ನಗರಕ್ಕೆ ಮುಂದುವರಿಸಿ. ಒಟ್ಟು ಬಿಲ್ಲುಗಳಲ್ಲಿ ಖಾನಾಪುರದ ಪಾಲು ಹಿಂದಿನ ವರ್ಷದ ಅವೇ ವಾರಗಳಷ್ಟೇ ಉಳಿದರೆ, ಆ 80 ಸಾವಿರದಲ್ಲಿ ಒಂದಷ್ಟು ಸುಮ್ಮನೆ ಸುಡುತ್ತಿದೆ ಎಂದರ್ಥ. ಬಿಲ್ಲು ಕಡಿಮೆಯಿದ್ದರೆ ಒಂದೇ ವರ್ಷದ ಫಲಿತಾಂಶ ನಂಬಬೇಡಿ. ಆ ಹಣವನ್ನು ಹೆಸರಿನ ಪಾಲಿಗೆ ತಿರುಗಿಸುವ ಮುಂಚೆ ಇನ್ನೊಂದು ದೀಪಾವಳಿ ಕಾಯಿರಿ.