ತಿರುಗಿದ ಚೌಕ, ಮೃದುವಾದ ಕಲ್ಲು

ಸೋಮನಾಥಪುರದ ಕೇಶವ ದೇವಾಲಯದ ಜಗತಿಯ ಮೇಲೆ ನಿಂತು ಗರ್ಭಗುಡಿಯ ಹೊರಗೋಡೆಯ ಮೂಲೆಗಳನ್ನು ಎಣಿಸತೊಡಗಿದರೆ ಅದರ ನಕ್ಷತ್ರಾಕಾರದ ಗುಟ್ಟು ಬಿಚ್ಚಿಕೊಳ್ಳುತ್ತದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿದರೆ ನಾಲ್ಕು ಚೌಕಗಳಾಗುತ್ತವೆ, ಹೊರಗೆ 16 ಮೊನೆಗಳು ಚಾಚುತ್ತವೆ. ಇಲ್ಲಿನ ಮೂರೂ ಗರ್ಭಗುಡಿಗಳದು ಇದೇ ಲೆಕ್ಕ.

ಕಣ್ಣು ಮೇಲೆತ್ತಿ. ಗೋಡೆಯ ಮೊನೆಗಳು ಸೂರಿನಲ್ಲಿ ನಿಲ್ಲುವುದಿಲ್ಲ; ಶಿಖರದ ಒಂದೊಂದು ಮೆಟ್ಟಿಲಿನಲ್ಲೂ ಅದೇ ನಕ್ಷತ್ರ ಕಿರಿದಾಗುತ್ತಾ ತುದಿಯತ್ತ ಏರುತ್ತದೆ.

ಕೆತ್ತನೆಯ ಚೂಪಿಗೆ ಕಾರಣ ಬಳಪದ ಕಲ್ಲು. ಕಣ ಸಣ್ಣದು, ಬಳಪದ ಖನಿಜ ಮೆತ್ತಗಿನದು. ಉಳಿ ತಾಕಿದರೆ ಗ್ರಾನೈಟಿನಂತೆ ಹರಳು ಹರಳಾಗಿ ಸಿಡಿಯುವುದಿಲ್ಲ. ಹಾಗಾಗಿಯೇ ಮೂರ್ತಿಯ ಕೊರಳಹಾರದ ಒಂದೊಂದು ಮಣಿಯ ಹಿಂದೂ ನೆರಳು ಕೂರುವಷ್ಟು ಆಳಕ್ಕೆ ಉಳಿ ಇಳಿದಿದೆ. ಮೊನೆಮೊನೆಯ ಗೋಡೆಯೂ ಬಿಸಿಲನ್ನು ಓರೆಯಾಗಿ ಹಿಡಿದು ಆ ಗೆರೆಗಳನ್ನು ಎತ್ತಿ ತೋರಿಸುತ್ತದೆ.